ವಿಳಾಸದ ಬಾಲ ನೋಡಿ, ಆಮೇಲೆ ಹಣ ಕಟ್ಟಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಹಳೆಯ ಮಾತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕೆಂದು ಮೊಬೈಲ್ ಕೈಗೆತ್ತಿಕೊಂಡವರಿಗೆ ಈ ಮಾತು ಇಂದು ಅಕ್ಷರಶಃ ಅನ್ವಯಿಸುತ್ತದೆ. ಮೇಲ್ಗಡೆ ಸಿಂಹಗಳ ಲಾಂಛನ, ಬದಿಗೆ ತ್ರಿವರ್ಣದ ಪಟ್ಟಿ, ನಡುವೆ ಪಾಸ್‌ಪೋರ್ಟಿನ ಚಿತ್ರ, ಹೆಸರಿನಲ್ಲೂ ‘ಪಾಸ್‌ಪೋರ್ಟ್’, ‘ಸೇವಾ’, ‘ಇಂಡಿಯಾ’ ಎಂಬ ಪದಗಳು. ಇಷ್ಟೆಲ್ಲ ಇದ್ದೂ ಸರ್ಕಾರಕ್ಕೆ ಸಂಬಂಧವೇ ಇಲ್ಲದ ಜಾಲತಾಣಗಳು ಹಲವಾರಿವೆ. ಅರ್ಜಿ ತುಂಬಿಕೊಡುತ್ತೇವೆ, ಭೇಟಿಯ ದಿನ ಗೊತ್ತುಮಾಡಿಕೊಡುತ್ತೇವೆ ಎಂದು ಇವು ಸರ್ಕಾರದ ಶುಲ್ಕದ ಮೇಲೆ ದೊಡ್ಡ ಮೊತ್ತವನ್ನು ವಸೂಲು ಮಾಡುತ್ತವೆ. ಕೆಲವಂತೂ ಹಣ ಪಡೆದ ಮೇಲೆ ಮಾತೇ ಆಡುವುದಿಲ್ಲ.

ಇದು ಗಾಳಿಸುದ್ದಿಯಲ್ಲ. ವಿದೇಶಾಂಗ ಸಚಿವಾಲಯವೇ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ಅದರಲ್ಲಿ indiapassport.org, online-passportindia.com, passportindiaportal.in, passport-seva.in, applypassport.org ಮುಂತಾದ ಹೆಸರುಗಳನ್ನು ಬಿಡಿಸಿ ಹೇಳಿ, ಇವುಗಳಲ್ಲಿ ಹಣ ಕಟ್ಟಬೇಡಿ, ವಿವರ ಕೊಡಬೇಡಿ ಎಂದು ತಿಳಿಸಿದೆ. ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಒಂದು ಮುಚ್ಚಿದರೆ ಮತ್ತೊಂದು ಹೊಸ ಹೆಸರಿನಲ್ಲಿ ತೆರೆಯುತ್ತದೆ. ಹೆಸರು ಯಾವುದೇ ಇರಲಿ, ಸಾಚಾ ಯಾವುದು, ಖೋಟಾ ಯಾವುದು ಎಂದು ಸ್ವತಃ ಗುರುತಿಸುವ ವಿಧಾನವನ್ನು ಕಲಿಯುವುದೇ ಸರಿಯಾದ ದಾರಿ.

ದೂರದ ಊರಿನವರಿಗೇ ಹೆಚ್ಚು ಬಲೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಪಾಸ್‌ಪೋರ್ಟ್ ಬೇಕಾದವರು ಈಗ ಕಡಿಮೆಯೇನಿಲ್ಲ. ಹೊರದೇಶದಲ್ಲಿ ಓದಬೇಕೆನ್ನುವ ವಿದ್ಯಾರ್ಥಿ, ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೊರಟ ಯುವಕ, ಹಜ್ ಯಾತ್ರೆಗೆ ಸಿದ್ಧರಾದ ಹಿರಿಯರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕಾದ ತಾಯಿ, ಎಲ್ಲರಿಗೂ ಮೊದಲು ಬೇಕಾದದ್ದು ಅದೊಂದು ಪುಸ್ತಕ.

ಹಿಂದೆ ಇದಕ್ಕಾಗಿ ಬೆಂಗಳೂರಿನ ಕಚೇರಿಯತ್ತಲೇ ಮುಖ ಮಾಡಬೇಕಿತ್ತು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಾಯೋಗಿಕ ಹಂತ ಕರ್ನಾಟಕದಲ್ಲೇ ಆರಂಭವಾಗಿ, ಬೆಂಗಳೂರು, ಮಂಗಳೂರುಗಳ ಜೊತೆಗೆ ಹುಬ್ಬಳ್ಳಿಗೂ ಸೇವಾ ಕೇಂದ್ರ ಬಂತು. 2017ರ ಜನವರಿಯಲ್ಲಿ ಮೈಸೂರಿನಿಂದ ಮೊದಲ್ಗೊಂಡು ಅಂಚೆ ಕಚೇರಿಗಳಲ್ಲೂ ಇಂಥ ಕೇಂದ್ರಗಳನ್ನು ತೆರೆಯುವ ಕೆಲಸ ಶುರುವಾಯಿತು. ಹಾಗಿದ್ದೂ ಯಾವ ಕೇಂದ್ರಕ್ಕೂ ನೇರವಾಗಿ ಹೋಗಿ ಸಾಲಿನಲ್ಲಿ ನಿಲ್ಲುವಂತಿಲ್ಲ. ಅರ್ಜಿಯನ್ನು ಅಂತರಜಾಲದಲ್ಲಿ ತುಂಬಬೇಕು, ಶುಲ್ಕವನ್ನು ಅಲ್ಲಿಯೇ ಕಟ್ಟಬೇಕು, ಭೇಟಿಯ ದಿನ ಮತ್ತು ವೇಳೆಯನ್ನು ಗೊತ್ತುಮಾಡಿಕೊಂಡ ನಂತರವೇ ಊರು ಬಿಡಬೇಕು. ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ದಲ್ಲಾಳಿ ಹೀಗಾಗಿ ಮೊಬೈಲಿನ ಪರದೆಗೆ ಬಂದು ಕುಳಿತಿದ್ದಾನೆ. ಎದುರಿಗೆ ಕಚೇರಿಯ ಕಟ್ಟಡವಾಗಲಿ ಗುಮಾಸ್ತರಾಗಲಿ ಕಾಣದ ಕಾರಣ, ಪರದೆಯ ಮೇಲಿನ ಸಿಂಹವನ್ನೇ ಜನ ನಂಬಿಬಿಡುತ್ತಾರೆ.

ಒಂದು ಅರ್ಜಿಯ ಕಥೆ

ಹಿರೇಕೆರೂರಿನ ಒಬ್ಬ ವಿದ್ಯಾರ್ಥಿಗೆ ಹತ್ತೊಂಬತ್ತು ವರ್ಷ, ಪಾಸ್‌ಪೋರ್ಟ್ ಬೇಕಾಗಿದೆ ಎಂದು ಇಟ್ಟುಕೊಳ್ಳಬಹುದು. ಅವನು ಮೊಬೈಲಿನಲ್ಲಿ ‘ಪಾಸ್‌ಪೋರ್ಟ್ ಅರ್ಜಿ’ ಎಂದು ಹುಡುಕುತ್ತಾನೆ. ಉತ್ತರಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತುತ್ತಾನೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ Sponsored ಎಂದಿತ್ತು, ಅಂದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಅವನು ಅದನ್ನು ಗಮನಿಸಲಿಲ್ಲ.

ತೆರೆದ ಪುಟದಲ್ಲೇ ನೇರವಾಗಿ ನಮೂನೆ ಇದೆ. ಹೆಸರು, ಹುಟ್ಟಿದ ದಿನಾಂಕ, ತಂದೆತಾಯಿಯ ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಎಲ್ಲವನ್ನೂ ಅದು ಕೇಳುತ್ತದೆ. ಪಕ್ಕದಲ್ಲಿ ಕುಳಿತ ತಂದೆಗೆ ಯಾಕೋ ಅನುಮಾನ ಬರುತ್ತದೆ.

“ತಮ್ಮಾ, ಇದು ಸರ್ಕಾರದ್ದ ಹೌದಲ್ಲೋ?”

“ಹೌದಪ್ಪಾ, ಸಿಂಹ ಐತಿ ನೋಡು. ಮ್ಯಾಲೆ ಬೀಗದ ಗುರುತೂ ಐತಿ.”

ನಮೂನೆ ಮುಗಿಯುತ್ತಲೇ ಹಣದ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಕೇಳುವ ಮೊತ್ತ 2,900 ರೂಪಾಯಿ ಎಂದು ಇಟ್ಟುಕೊಂಡರೆ, ಅದು ಏತಕ್ಕೆ ಎಷ್ಟು ಎಂಬ ವಿಂಗಡಣೆ ಇರುವುದಿಲ್ಲ. ಹಣ ಕಟ್ಟಿದ ಮೇಲೆ ‘ನಮ್ಮ ಪ್ರತಿನಿಧಿ ಕರೆ ಮಾಡುತ್ತಾರೆ’ ಎಂಬ ಸಂದೇಶ ಬರುತ್ತದೆ. ಯಾವ ಕೇಂದ್ರ, ಯಾವ ದಿನ ಎಂಬುದರ ಸುಳಿವೇ ಇಲ್ಲ.

ತಂದೆಗೆ ಬಂದ ಅನುಮಾನ ಸರಿಯಾಗಿತ್ತು. ಮಗ ತೋರಿಸಿದ ಎರಡೂ ಗುರುತುಗಳು ಸಾಕ್ಷಿಯೇ ಅಲ್ಲ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ರಾಜಲಾಂಛನವನ್ನು ಹೀಗೆ ಬಳಸುವುದನ್ನು 2005ರ ಕಾನೂನು ನಿಷೇಧಿಸಿದೆಯಾದರೂ, ನಕಲು ಮಾಡುವ ಕೈಯನ್ನು ಕಾನೂನು ಆ ಕ್ಷಣದಲ್ಲಿ ಹಿಡಿಯಲಾರದು. ಇನ್ನು ಬೀಗದ ಗುರುತಿನ ಅರ್ಥ ಇಷ್ಟೇ: ಮೊಬೈಲಿಗೂ ಆ ತಾಣಕ್ಕೂ ನಡುವೆ ಹರಿಯುವ ಮಾಹಿತಿಯನ್ನು ದಾರಿಯಲ್ಲಿ ಮೂರನೆಯವರು ಓದಲಾರರು. ಆ ಕಡೆ ಕುಳಿತವರು ಒಳ್ಳೆಯವರೇ ಎಂದು ಅದು ಹೇಳುವುದಿಲ್ಲ. ಲಕೋಟೆಗೆ ಅರಗಿನ ಮುದ್ರೆ ಒತ್ತಿ ಮೋಸಗಾರನ ವಿಳಾಸಕ್ಕೆ ಕಳಿಸಿದರೆ, ಲಕೋಟೆ ಭದ್ರವಾಗಿಯೇ ಅವನನ್ನು ಮುಟ್ಟುತ್ತದೆ.

ವಿಳಾಸವನ್ನು ಹಿಂದಿನಿಂದ ಓದಬೇಕು

ಹಾಗಾದರೆ ನಂಬಬೇಕಾದ ಗುರುತು ಯಾವುದು? ಅದು ಪರದೆಯ ಮೇಲ್ತುದಿಯಲ್ಲಿರುವ ವಿಳಾಸ. ಅದನ್ನು ಓದುವ ಕ್ರಮವನ್ನು ಅಂಚೆಯ ಲಕೋಟೆಯಿಂದಲೇ ಕಲಿಯಬಹುದು.

ಲಕೋಟೆಯ ಮೇಲೆ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಓಣಿ, ಅಕ್ಕಿಆಲೂರು, ತಾಲ್ಲೂಕು ಹಾನಗಲ್ಲ, ಕಡೆಗೆ ಜಿಲ್ಲೆ ಹಾವೇರಿ ಎಂದು ಬರೆದಿರುತ್ತದೆ. ದೂರದ ಊರಿನಲ್ಲಿ ಕಾಗದಗಳನ್ನು ವಿಂಗಡಿಸುವವರು ನೋಡುವುದು ಕೊನೆಯ ಸಾಲನ್ನು. ಮೊದಲ ಸಾಲಿನಲ್ಲಿ ‘ಹಾವೇರಿ ಸ್ಟೋರ್ಸ್’ ಎಂದಿದ್ದು ಕೊನೆಯ ಸಾಲಿನಲ್ಲಿ ಸೊಲ್ಲಾಪುರ ಎಂದಿದ್ದರೆ ಕಾಗದ ಹಾವೇರಿಗೆ ಬರುವುದಿಲ್ಲ, ಸೊಲ್ಲಾಪುರಕ್ಕೇ ಹೋಗುತ್ತದೆ. ಅಂಗಡಿಯ ಹೆಸರನ್ನು ಮಾಲೀಕ ತನಗೆ ತೋಚಿದಂತೆ ಇಡಬಹುದು, ಜಿಲ್ಲೆಯ ಹೆಸರನ್ನು ಹಾಗೆ ಇಡಲಾಗದು.

ಅಂತರಜಾಲದ ವಿಳಾಸವೂ ಹೀಗೆಯೇ. ಅದನ್ನು ಹುಡುಕುವ ಯಂತ್ರಗಳು ಬಲತುದಿಯಿಂದ ಎಡಕ್ಕೆ ಬರುತ್ತವೆ. ಸರ್ಕಾರದ ಪಾಸ್‌ಪೋರ್ಟ್ ತಾಣ ಇದು:

passportindia.gov.in

ಬಲದಿಂದ ಓದಿದರೆ ಮೊದಲು in, ಅಂದರೆ ಭಾರತ. ಆಮೇಲೆ gov, ಅಂದರೆ ಸರ್ಕಾರ. ಅದರಾಚೆಗೆ passportindia ಎಂಬ ಹೆಸರು. ಇಲ್ಲಿ ಮುಖ್ಯವಾದದ್ದು ಕೊನೆಯಲ್ಲಿರುವ gov.in ಎಂಬ ಬಾಲ. ಈ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ, ಅದೂ ಸಂಬಂಧಪಟ್ಟ ಇಲಾಖೆಯ ಪತ್ರವಿದ್ದರೆ. ಅದನ್ನು ನೋಡಿಕೊಳ್ಳುವುದು ಎನ್‌ಐಸಿ ಎಂಬ ರಾಷ್ಟ್ರೀಯ ಮಾಹಿತಿ ಕೇಂದ್ರ. ಆದರೆ ಬರೀ .in ಎಂಬ ಬಾಲವನ್ನು 2005ರಿಂದ ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. .com ಮತ್ತು .org ಕೂಡ ಹಾಗೆಯೇ. passport-seva.in ಎಂಬ ಹೆಸರಿನಲ್ಲಿ ‘ಇನ್’ ಇದೆ, ‘ಪಾಸ್‌ಪೋರ್ಟ್’ ಇದೆ, ‘ಸೇವಾ’ ಇದೆ, ಸರ್ಕಾರ ಮಾತ್ರ ಇಲ್ಲ.

ವಿದ್ಯಾರ್ಥಿಗಳಿಗೆ ಪರಿಚಯವಿರುವ ಇನ್ನೊಂದು ವಿಳಾಸ ಸಿಇಟಿಯದು: cetonline.karnataka.gov.in/kea. ಇಲ್ಲಿ ಕೊನೆಯಲ್ಲಿ kea ಇದೆಯಲ್ಲ ಎಂದು ಗೊಂದಲವಾಗಬಹುದು. ನಿಯಮ ಸರಳವಾಗಿದೆ. ಮೊದಲ ಓರೆಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಊರಿನ ವಿಳಾಸ ಮುಗಿಯಿತು. ಅದರಾಚೆಗಿನದು ಮನೆಯೊಳಗಿನ ಕೋಣೆಯ ಹೆಸರು. https:// ಎಂಬ ಆರಂಭದ ಗೆರೆಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯಿಂದ ಎಡಕ್ಕೆ ಓದಬೇಕು.

ಈಗ ಒಂದು ಲೆಕ್ಕ. ಕೆಳಗಿನ ಎರಡರಲ್ಲಿ ಸರ್ಕಾರದ್ದು ಯಾವುದು?

passportindia.gov.in.example.com/apply

example.com/passportindia.gov.in

ಉತ್ತರ: ಎರಡೂ ಅಲ್ಲ. ಎರಡರಲ್ಲೂ ಸರ್ಕಾರದ ವಿಳಾಸ ಪೂರ್ತಿಯಾಗಿಯೇ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ಅದು ಅಂಗಡಿಯ ಹೆಸರಿನ ಜಾಗದಲ್ಲಿದೆ, ಎರಡನೆಯದರಲ್ಲಿ ಕೋಣೆಯ ಹೆಸರಿನ ಜಾಗದಲ್ಲಿದೆ. ಓರೆಗೆರೆಗೆ ಅಂಟಿಕೊಂಡಿರುವ ಬಾಲ ಎರಡರಲ್ಲೂ example.com. ಮೊಬೈಲಿನ ಪರದೆ ಕಿರಿದಾದ್ದರಿಂದ ಉದ್ದದ ವಿಳಾಸ ಪೂರ್ತಿ ಕಾಣದೆಯೂ ಇರಬಹುದು. ವಿಳಾಸದ ಮೇಲೆ ಒಮ್ಮೆ ಬೆರಳೊತ್ತಿ ಅದನ್ನು ಪೂರ್ತಿಯಾಗಿ ನೋಡಬೇಕು.

ಹಣ ಕೇಳುವ ಕ್ರಮವೂ ಒಂದು ಗುರುತು

ವಿಳಾಸದ ಜೊತೆಗೆ ಇನ್ನೊಂದು ಪರೀಕ್ಷೆಯಿದೆ. ಸರ್ಕಾರದ ತಾಣದಲ್ಲಿ ಕೆಲಸ ನಡೆಯುವ ಕ್ರಮ ಹೀಗಿದೆ. ಮೊದಲು ಅರ್ಜಿದಾರ ತನ್ನ ಇ-ಮೇಲ್ ಕೊಟ್ಟು ಖಾತೆ ತೆರೆಯಬೇಕು. ಖಾತೆಯನ್ನು ಚಾಲೂ ಮಾಡುವ ಕೊಂಡಿ ಆ ಇ-ಮೇಲಿಗೇ ಬರುತ್ತದೆ. ಬಳಿಕ ಒಳಗೆ ಹೋಗಿ ನಮೂನೆ ತುಂಬಿ ಸಲ್ಲಿಸಬೇಕು. ಅದಾದ ಮೇಲೆ Pay and Schedule Appointment ಎಂಬಲ್ಲಿ ಕೇಂದ್ರವನ್ನು ಆರಿಸಬೇಕು. ಯಾವ ಕೇಂದ್ರದಲ್ಲಿ ಯಾವ ದಿನ ಖಾಲಿಯಿದೆ ಎಂಬುದು ಕಾಣಿಸಿದ ನಂತರವೇ ಹಣ ಕಟ್ಟುವ ಮಾತು. ಕಟ್ಟಿದ ಮೇಲೆ ಎಆರ್‌ಎನ್ ಎಂಬ ಅರ್ಜಿ ಸಂಖ್ಯೆ, ಕೇಂದ್ರದ ವಿಳಾಸ, ದಿನ ಮತ್ತು ವೇಳೆ ಇರುವ ರಸೀದಿ ಸಿಗುತ್ತದೆ.

ಹಿರೇಕೆರೂರಿನ ಹುಡುಗನಿಗೆ ಆದದ್ದು ಇದಕ್ಕೆ ತಿರುವುಮುರುವು. ಖಾತೆಯಿಲ್ಲ, ಕೇಂದ್ರವಿಲ್ಲ, ದಿನವಿಲ್ಲ, ಮೊದಲು ಹಣ. ಈ ಕ್ರಮ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಮೊತ್ತವೂ ಸುಳಿವು ಕೊಡುತ್ತದೆ. 2012ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ದರದ ಪ್ರಕಾರ, 36 ಪುಟಗಳ, ಹತ್ತು ವರ್ಷದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಹದಿನೆಂಟು ತುಂಬದವರಿಗೆ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗಿನ ಪುಸ್ತಕಕ್ಕೆ 1,000. ತುರ್ತಾಗಿ ಬೇಕೆನ್ನುವವರಿಗೆ ತತ್ಕಾಲ್ ಎಂಬ ವ್ಯವಸ್ಥೆಯಿದ್ದು, ಅದಕ್ಕೆ 2,000 ಹೆಚ್ಚು. ಅರ್ಜಿ ಹಾಕುವ ದಿನದ ದರವನ್ನು ಸರ್ಕಾರದ ತಾಣದ Fee Calculator ಎಂಬ ಕೊಂಡಿಯಲ್ಲಿ ಖಾತೆ ತೆರೆಯದೆಯೇ ನೋಡಬಹುದು. ಮೊದಲು ಆ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, 1,500ರ ಜಾಗದಲ್ಲಿ 2,900 ಕಂಡಾಗ ಕಣ್ಣು ತೆರೆಯುತ್ತದೆ. ‘ಹೆಚ್ಚು ಹಣ ಕೊಟ್ಟರೆ ಬೇಗನೆ ದಿನ ಕೊಡಿಸುತ್ತೇವೆ’ ಎಂಬ ಮಾತನ್ನೂ ನಂಬಬಾರದು. ಬೇಗ ಪಡೆಯಲು ಸರ್ಕಾರದಲ್ಲಿರುವ ದಾರಿ ತತ್ಕಾಲ್ ಮಾತ್ರ, ಅದರ ಹಣವೂ ಸರ್ಕಾರಕ್ಕೇ ಹೋಗಬೇಕು.

ಹಣಕ್ಕಿಂತ ದೊಡ್ಡ ನಷ್ಟ

ಇಂಥ ತಾಣಗಳೆಲ್ಲ ಹಣ ನುಂಗಿ ಮಾಯವಾಗುವುದಿಲ್ಲ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ನಾವು ಖಾಸಗಿ ಸಲಹೆಗಾರರು, ಸರ್ಕಾರಕ್ಕೆ ಸಂಬಂಧಪಟ್ಟವರಲ್ಲ’ ಎಂದು ಬರೆದುಕೊಂಡು, ಅರ್ಜಿಯನ್ನು ನಿಜವಾಗಿಯೂ ಸಲ್ಲಿಸುವವರೂ ಇದ್ದಾರೆ. ಅವರು ಮಾಡುವುದು ಇಷ್ಟೇ: ಅರ್ಜಿದಾರ ಕೊಟ್ಟ ವಿವರವನ್ನು ಸರ್ಕಾರದ ತಾಣಕ್ಕೆ ಸಾಗಿಸಿ, 1,500 ಕಟ್ಟಿ, ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಕೆಲಸವಾಯಿತಲ್ಲ ಎಂದು ಕೆಲವರು ಸಮಾಧಾನಪಡಬಹುದು. ಆದರೆ ತೊಂದರೆ ಅಡಗಿರುವುದು ಅಲ್ಲಿಯೇ.

ಆ ಖಾತೆಯನ್ನು ಅವರು ತಮ್ಮ ಇ-ಮೇಲಿನಲ್ಲಿ ತೆರೆದಿದ್ದರೆ, ಅದರ ಕೀಲಿ ಅವರ ಕೈಯಲ್ಲೇ ಉಳಿಯಿತು. ಭೇಟಿಯ ದಿನ ಪರೀಕ್ಷೆ ಬಂದರೆ ದಿನ ಬದಲಿಸಲು ಅವರನ್ನೇ ಬೇಡಬೇಕು, ಮತ್ತೆ ಹಣ ಕೊಡಬೇಕು. ತಂದೆಯ ಹೆಸರಿನ ಒಂದು ಅಕ್ಷರವನ್ನು ಅವರು ತಪ್ಪಾಗಿ ತುಂಬಿದ್ದರೆ ಅದು ಗೊತ್ತಾಗುವುದು ಹುಬ್ಬಳ್ಳಿಯ ಕೇಂದ್ರದಲ್ಲಿ, ದಾಖಲೆ ನೋಡುವ ಅಧಿಕಾರಿಯ ಮುಂದೆ. ಹಿರೇಕೆರೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಹೋದ ತಂದೆಮಗನ ಒಂದು ದಿನದ ಕೆಲಸ, ಬಸ್ಸಿನ ಖರ್ಚು ಎರಡೂ ವ್ಯರ್ಥ. ಅರ್ಜಿಯಲ್ಲಿರುವ ವಿವರಕ್ಕೆ ಹೊಣೆ ತುಂಬಿಕೊಟ್ಟವರದಲ್ಲ, ಅರ್ಜಿದಾರನದೇ.

ಇದಕ್ಕೂ ಹೆಚ್ಚಿನದು ಆಧಾರ್ ಸಂಖ್ಯೆ, ಹುಟ್ಟಿದ ದಿನ, ತಾಯಿಯ ಹೆಸರು, ವಿಳಾಸ ಎಲ್ಲವೂ ಒಂದೇ ಕಡೆ ಅಪರಿಚಿತರ ಪಾಲಾಗುವುದು. ಬ್ಯಾಂಕಿನವರಂತೆ ಕರೆ ಮಾಡಿ ಮೋಸ ಮಾಡುವವರಿಗೆ ಬೇಕಾಗುವುದು ಇದೇ ಸಾಮಗ್ರಿ. ಕಳೆದ ಹಣವನ್ನು ಮತ್ತೆ ದುಡಿಯಬಹುದು, ಹುಟ್ಟಿದ ದಿನಾಂಕವನ್ನು ಬದಲಿಸಲಾಗದು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಊರಿನ ಕಂಪ್ಯೂಟರ್ ಅಂಗಡಿಯವರು ಅರ್ಜಿ ತುಂಬಿಕೊಟ್ಟು ಕೂಲಿ ಪಡೆಯುವುದು ತಪ್ಪಲ್ಲ. 2014ರಲ್ಲಿ ಸರ್ಕಾರವೇ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ 100 ರೂಪಾಯಿಗೆ ಈ ಸೌಕರ್ಯ ಕಲ್ಪಿಸಿತ್ತು. ಇಂಗ್ಲಿಷ್ ನಮೂನೆ ಕಷ್ಟವೆನಿಸುವ ಪಾಲಕರಿಗೆ ಇದು ಉಪಕಾರವೇ. ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು. ಅಂಗಡಿಯವರು ತೆರೆದ ತಾಣದ ಬಾಲ gov.in ಆಗಿರಬೇಕು. ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಅರ್ಜಿದಾರನ ಮನೆಯವರದೇ ಆಗಿರಬೇಕು, ಗುಪ್ತಪದವನ್ನು ಬರೆದುಕೊಂಡು ಬರಬೇಕು. ಶುಲ್ಕದ ರಸೀದಿ ಬೇರೆ, ಅಂಗಡಿಯ ಕೂಲಿ ಬೇರೆ ಎಂದು ಲೆಕ್ಕ ಬಿಡಿಬಿಡಿಯಾಗಿ ಕಾಣಬೇಕು.

ವೀಸಾಕ್ಕೆ ಬಾಲದ ನಿಯಮ ಸಾಲದು

ಪಾಸ್‌ಪೋರ್ಟ್ ಕೊಡುವುದು ಭಾರತ ಸರ್ಕಾರ. ವೀಸಾ ಕೊಡುವುದು ಹೋಗಬೇಕಾದ ದೇಶದ ಸರ್ಕಾರ. ಆದ್ದರಿಂದ ಅಲ್ಲಿ gov.in ಹುಡುಕಿದರೆ ಸಿಗದು. ಜೊತೆಗೆ, ಅನೇಕ ದೇಶಗಳು ಅರ್ಜಿ ಸ್ವೀಕರಿಸುವ ಮತ್ತು ಭೇಟಿಯ ದಿನ ಕೊಡುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿವೆ. ಅಂಥ ಅಧಿಕೃತ ಗುತ್ತಿಗೆದಾರರ ವಿಳಾಸ .com ಎಂದೇ ಮುಗಿಯಬಹುದು. ವಿಎಫ್‌ಎಸ್ ಗ್ಲೋಬಲ್ ಇದಕ್ಕೊಂದು ಉದಾಹರಣೆ. ಅವರು ಸೇವಾಶುಲ್ಕ ಪಡೆಯುವುದೂ ನಿಯಮದಂತೆಯೇ.

ಹೀಗಿರುವಾಗ ಬಾಲದ ಬದಲು ದಾರಿಯನ್ನು ನಂಬಬೇಕು. ಹುಡುಕು ಪುಟದಿಂದ ಹೊರಡದೆ, ಮೊದಲು ಆ ದೇಶದ ಸರ್ಕಾರದ ಅಥವಾ ರಾಯಭಾರ ಕಚೇರಿಯ ತಾಣಕ್ಕೆ ಹೋಗಬೇಕು. ಬ್ರಿಟನ್ನಿಗಾದರೆ gov.uk, ಅಮೆರಿಕಕ್ಕಾದರೆ in.usembassy.gov. ಭೇಟಿಯ ದಿನ ಕೊಡುವ ಸಂಸ್ಥೆಯ ಕೊಂಡಿ ಅಲ್ಲಿಯೇ ಇರುತ್ತದೆ. ಅಲ್ಲಿಂದಲೇ ಒತ್ತಿ ಮುಂದೆ ಹೋಗಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಮೊಮ್ಮಕ್ಕಳು ಭಾರತದ ಇ-ವೀಸಾ ಪಡೆದು ಊರ ಜಾತ್ರೆಗೆ ಬರುವುದಿದ್ದರೆ, ಅದಕ್ಕಿರುವ ಸರ್ಕಾರಿ ತಾಣ indianvisaonline.gov.in. ಇದನ್ನು ಹೋಲುವ ನಕಲಿಗಳೂ ಇರುವುದರಿಂದ, ವಿಳಾಸವನ್ನು ಮನೆಯ ಹಿರಿಯರೇ ಅವರಿಗೆ ಬರೆದು ಕಳಿಸುವುದು ಲೇಸು.

ಈ ಕಾಟ ಹಳ್ಳಿಯವರಿಗೆ, ಓದದವರಿಗೆ ಮಾತ್ರ ಎಂದು ಭಾವಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಪಾಸ್‌ಪೋರ್ಟ್, ವೀಸಾ, ಚಾಲನಾ ಪರವಾನಗಿಗಳ ಸರ್ಕಾರಿ ತಾಣಗಳನ್ನು ಹೋಲುವ ನಕಲು ತಾಣಗಳನ್ನು ನಡೆಸಿ ಕೋಟ್ಯಂತರ ಪೌಂಡ್ ಗಳಿಸಿದ್ದ ತಂಡವೊಂದರ ಸದಸ್ಯರಿಗೆ 2018ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಅಲ್ಲಿ ಮೋಸಹೋಗಿದ್ದರು.

ಹಣ ಕಟ್ಟಿಬಿಟ್ಟಿದ್ದರೆ

ಮೋಸವಾದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೂ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟದಿದ್ದರೆ ಅದನ್ನು ತಡೆಹಿಡಿಸುವ ಅವಕಾಶವಿರುತ್ತದೆ, ಆದ್ದರಿಂದ ನಾಳೆ ನೋಡಿದರಾಯಿತು ಎನ್ನಬಾರದು. ಅದೇ ಹೊತ್ತಿಗೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ದೂರನ್ನು cybercrime.gov.in ತಾಣದಲ್ಲಿ ದಾಖಲಿಸಬಹುದು, ಹಾವೇರಿಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು. ಆ ತಾಣದ ಪೂರ್ತಿ ವಿಳಾಸ, ಹಣದ ಪುಟದ ಚಿತ್ರ, ವ್ಯವಹಾರದ ಸಂಖ್ಯೆ, ಕರೆ ಬಂದ ಮೊಬೈಲ್ ಸಂಖ್ಯೆ ಇವನ್ನು ಅಳಿಸದೆ ಇಟ್ಟುಕೊಂಡಿರಬೇಕು. ತನ್ನ ಹೆಸರಿನಲ್ಲಿ ಅರ್ಜಿ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಪಾಸ್‌ಪೋರ್ಟ್ ಸೇವೆಯ ಉಚಿತ ದೂರವಾಣಿ 1800-258-1800ರಲ್ಲಿ ವಿಚಾರಿಸಬಹುದು. ಅವರು ಕೊಟ್ಟ ಕಾಗದದಲ್ಲಿ ಎಆರ್‌ಎನ್ ಇಲ್ಲದಿದ್ದರೆ, ಅದನ್ನು ನಂಬಿ ಹುಬ್ಬಳ್ಳಿಯ ಬಸ್ಸು ಹತ್ತಬಾರದು.

ಈ ಭಾನುವಾರ ಮನೆಯಲ್ಲಿರುವ ಮೊಬೈಲ್ ತೆಗೆದುಕೊಂಡು ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ‘ಪಾಸ್‌ಪೋರ್ಟ್ ಅರ್ಜಿ’ ಎಂದು ಹುಡುಕಿ, ಬಂದ ಮೊದಲ ಹತ್ತು ವಿಳಾಸಗಳನ್ನು ಯಾವುದನ್ನೂ ಒತ್ತದೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪ್ರತಿಯೊಂದರ ಮೊದಲ ಓರೆಗೆರೆಯ ಹಿಂದಿನ ಬಾಲಕ್ಕೆ ಅಡಿಗೆರೆ ಎಳೆದು, gov.in ಎಷ್ಟಿವೆ, ಜಾಹೀರಾತು ಎಷ್ಟಿವೆ ಎಂದು ಎಣಿಸಬೇಕು. ಆಮೇಲೆ ಆ ಪುಟವನ್ನು ತಂದೆತಾಯಿಗೆ ತೋರಿಸಿ, ಅಡಿಗೆರೆ ಎಳೆದದ್ದು ಏಕೆಂದು ವಿವರಿಸಬೇಕು.